‘ಆಗುತ್ತೆ ಮೇಡಂ’ ಅನ್ನುವ ಮೊದಲು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರ ಮೊದಲ ದಿನ ಹೆಚ್ಚುಕಡಿಮೆ ಒಂದೇ ಥರ ಕಳೆಯುತ್ತದೆ. ಬೆಳಿಗ್ಗೆ ಎಚ್‌ಆರ್‌ನವರು ದಾಖಲೆ ನೋಡಿ, ಸಹಿ ಹಾಕಿಸಿ, ಐಡಿ ಕಾರ್ಡು, ಲ್ಯಾಪ್‌ಟಾಪು ಕೊಡುತ್ತಾರೆ. ಆಮೇಲೆ ಕಂಪನಿ ಹುಟ್ಟಿದ ಕತೆ, ಅದರ ಮೌಲ್ಯಗಳು, ರಜೆಯ ನಿಯಮಗಳು ಅಂತ ಸ್ಲೈಡ್ ಮೇಲೆ ಸ್ಲೈಡ್. ಊಟ ಮುಗಿದ ಮೇಲೆ ಟೀಮ್ ಲೀಡ್ ಹೊಸಬರನ್ನು ಮೀಟಿಂಗ್ ರೂಮಿಗೆ ಕರೆದು ಹದಿನೈದು ನಿಮಿಷ ಮಾತಾಡುತ್ತಾರೆ. ಬೆಳಗಿನದೆಲ್ಲ ಮರೆತರೂ ಕೆಲಸ ನಡೆಯುತ್ತದೆ, ಮರೆತದ್ದು ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಲೀಡ್ ಹೇಳಬೇಕಾದದ್ದು ಮಾತ್ರ ಎಲ್ಲೂ ಬರೆದಿಟ್ಟಿರುವುದಿಲ್ಲ.

ಒಂದು ಆನ್‌ಲೈನ್ ಅಂಗಡಿಯ ಪೇಮೆಂಟ್ ತಂಡಕ್ಕೆ ಐದು ಜನ ಹೊಸಬರು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದವರು. ಕಾಲೇಜಿನಲ್ಲಿ ಉತ್ತರ ಗೊತ್ತಿದ್ದವರು ಕೈ ಎತ್ತುತ್ತಿದ್ದರು, ಗೊತ್ತಿಲ್ಲದವರು ತಲೆ ತಗ್ಗಿಸುತ್ತಿದ್ದರು. ಆ ಅಭ್ಯಾಸ ಅವರ ಜೊತೆಗೇ ಆಫೀಸಿಗೂ ಬಂದಿದೆ. ಬುಧವಾರದೊಳಗೆ ಆಗುತ್ತಾ ಎಂದು ಕೇಳಿದರೆ, ಕೆಲಸ ಏನೆಂದು ತಿಳಿಯುವ ಮೊದಲೇ ‘ಆಗುತ್ತೆ ಮೇಡಂ’ ಅನ್ನುತ್ತಾರೆ. ಅನುಭವಿ ಲೀಡ್ ಒಬ್ಬರು ತಮ್ಮ ಸ್ವಾಗತದ ಮಾತನ್ನು ಶುರುಮಾಡುವುದು ಇಲ್ಲಿಂದಲೇ.

“ಈ ವಾರ ನಿಮ್ಮಿಂದ ನನಗೆ ದೊಡ್ಡ ಕೆಲಸವೇನೂ ಬೇಡ. ಏನಾದರೂ ಕೇಳಿದಾಗ ಆಗುತ್ತೆ ಅನ್ನುವ ಮೊದಲು, ನೋಡಿ ಹೇಳ್ತೀನಿ ಅನ್ನಿ. ಅರ್ಧ ಗಂಟೆ ಒಂದೇ ಕಡೆ ಸಿಕ್ಕಿಕೊಂಡರೆ ಕೇಳಲೇಬೇಕು. ಅರ್ಧ ಗಂಟೆಗೆ ಮೊದಲು ಸ್ವಲ್ಪ ನೀವೇ ಹುಡುಕಿ. ಅದಕ್ಕಿಂತ ಹೆಚ್ಚು ಒದ್ದಾಡಿದರೆ ಅದನ್ನ ನಾನು ಶ್ರಮ ಅಂತ ಎಣಿಸಲ್ಲ.”

‘ಏನಾದರೂ ಡೌಟ್ ಇದ್ದರೆ ಕೇಳಿ’ ಎಂದು ಎಲ್ಲ ಲೀಡ್‌ಗಳೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಕೇಳಿದರೆ ದಡ್ಡ ಅನ್ನಿಸಿಕೊಳ್ಳುವುದಿಲ್ಲ ಎನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಗಡಿಯಾರದ ಲೆಕ್ಕ ಕೊಟ್ಟರೆ ಆ ತೂಗಾಟ ತಪ್ಪುತ್ತದೆ. ಅದು ಅರ್ಧ ಗಂಟೆಯೇ ಆಗಬೇಕೆಂದಿಲ್ಲ, ಕೆಲವು ತಂಡಗಳಲ್ಲಿ ಹದಿನೈದು ನಿಮಿಷ.

ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು ಎನ್ನುವುದನ್ನೂ ಈ ಮಾತಿನಲ್ಲೇ ತೋರಿಸಿಕೊಡಬೇಕು. ಹೊಸಬರು ಸಾಮಾನ್ಯವಾಗಿ ಲೀಡ್‌ಗೆ ಖಾಸಗಿಯಾಗಿ ‘ಹಾಯ್ ಮೇಡಂ’ ಎಂದೊಂದು ಚಾಟ್ ಮೆಸೇಜ್ ಹಾಕಿ ಸುಮ್ಮನೆ ಕಾಯುತ್ತಾರೆ. ಲೀಡ್ ಮೀಟಿಂಗಿನಲ್ಲಿದ್ದರೆ ಒಂದು ಗಂಟೆ ಹೋಯಿತು. ಅವರು ‘ಹೇಳಿ’ ಅಂದಾಗ ಇವರು ಕಾಫಿಗೆ ಹೋಗಿರುತ್ತಾರೆ, ಇನ್ನರ್ಧ ಗಂಟೆ. ನಮ್ಮ ಲೀಡ್ ಪರದೆಯ ಮೇಲೆ ಒಂದು ಮಾದರಿ ಪ್ರಶ್ನೆ ತೋರಿಸುತ್ತಾರೆ: “ನನ್ನ ಲ್ಯಾಪ್‌ಟಾಪ್‌ನಲ್ಲಿ ಪೇಮೆಂಟ್ ಸರ್ವಿಸ್ ಸ್ಟಾರ್ಟ್ ಆಗ್ತಿಲ್ಲ. ಡೇಟಾಬೇಸ್‌ಗೆ ಕನೆಕ್ಟ್ ಆಗುವಾಗ `connection refused` ಅಂತ ಬರ್ತಿದೆ. ಸೆಟಪ್ ಡಾಕ್ಯುಮೆಂಟ್‌ನ ನಾಲ್ಕನೇ ಹಂತದವರೆಗೆ ಮಾಡಿದ್ದೀನಿ, ವಿಪಿಎನ್ ಆನ್ ಇದೆ. ಪೋರ್ಟ್ ನಂಬರ್ ತಪ್ಪಿರಬಹುದಾ?” ಏನು ಮಾಡಲು ಹೊರಟೆ, ಏನಾಯಿತು, ಏನೇನು ಪ್ರಯತ್ನಿಸಿದೆ, ನನ್ನ ಅನುಮಾನ ಏನು, ಎಲ್ಲವೂ ಅದರಲ್ಲಿದೆ. ಇದನ್ನು ಖಾಸಗಿಯಾಗಿ ಕಳಿಸದೆ ತಂಡದ ಗುಂಪಿನಲ್ಲೇ ಹಾಕಬೇಕು. ಬಿಡುವಿದ್ದವರು ಯಾರಾದರೂ ಉತ್ತರಿಸುತ್ತಾರೆ, ಅದೇ ತೊಂದರೆಯಲ್ಲಿರುವ ಉಳಿದ ನಾಲ್ವರೂ ಓದಿಕೊಳ್ಳುತ್ತಾರೆ.

ಮೊದಲ ಪ್ರಶ್ನೆ ಬಂದಾಗಲೇ ಈ ಮಾತಿಗೆ ಬೆಲೆ ಇದೆಯೋ ಇಲ್ಲವೋ ತಿಳಿಯುವುದು. ಮಂಗಳವಾರದ ಸ್ಟ್ಯಾಂಡಪ್‌ನಲ್ಲಿ, ಅಂದರೆ ಎಲ್ಲರೂ ನಿಂತುಕೊಂಡೇ ನಿನ್ನೆಯ, ಇವತ್ತಿನ ಕೆಲಸ ಹೇಳುವ ಹದಿನೈದು ನಿಮಿಷದ ಸಭೆಯಲ್ಲಿ, ಹೊಸ ಹುಡುಗಿಯೊಬ್ಬಳು ‘ನಂಗೆ ಈ ರೀಫಂಡ್ ವಿಷಯ ಅರ್ಥ ಆಗಲಿಲ್ಲ’ ಅನ್ನುತ್ತಾಳೆ. ಹಳಬರೊಬ್ಬರು ನಗುತ್ತಾ ‘ಇಷ್ಟೂ ಗೊತ್ತಿಲ್ವಾ?’ ಅಂದರೆ ಅಲ್ಲಿಗೆ ಮುಗಿಯಿತು. ಲೀಡ್ ಸೋಮವಾರ ಆಡಿದ್ದೆಲ್ಲ ನೀರುಪಾಲು. ಬಲ್ಲ ಲೀಡ್‌ಗಳು ಇದಕ್ಕಾಗಿ ಹಳಬರನ್ನು ಮೊದಲೇ ಕೂರಿಸಿಕೊಂಡು ಹೇಳಿರುತ್ತಾರೆ. ನನ್ನ ಪ್ರಕಾರ ಸ್ವಾಗತ ಭಾಷಣದ ಅರ್ಧ ಭಾಗ ಹೊಸಬರು ಬರುವ ಹಿಂದಿನ ವಾರವೇ ಹಳಬರ ಮುಂದೆ ನಡೆದಿರಬೇಕು.

ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಬಹುದಾದ ವಾತಾವರಣದ ಬಗ್ಗೆ ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1999ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಪ್ರಸಿದ್ಧ. ನಮಗೆ ಇನ್ನೂ ಹತ್ತಿರದ ಅಧ್ಯಯನ ಬೆಂಗಳೂರು ಮೂಲದ ವಿಪ್ರೊದ ಬಿಪಿಒದಲ್ಲಿ ನಡೆದದ್ದು. ಡೇನಿಯಲ್ ಕೇಬಲ್, ಫ್ರಾನ್ಸೆಸ್ಕಾ ಜಿನೊ, ಬ್ರಾಡ್ಲಿ ಸ್ಟಾಟ್ಸ್ ಅದನ್ನು 2013ರಲ್ಲಿ ಪ್ರಕಟಿಸಿದರು. ಹೊಸಬರ ಒಂದು ಗುಂಪಿಗೆ ಎಂದಿನ ಪರಿಚಯವಷ್ಟೇ. ಇನ್ನೊಂದು ಗುಂಪಿಗೆ ಮೊದಲ ದಿನದ ಒಂದು ಗಂಟೆ ಕಂಪನಿಯ ಹಿರಿಮೆಯ ಬಗ್ಗೆ ಹೇಳಿ, ಕಂಪನಿಯ ಹೆಸರಿದ್ದ ಸ್ವೆಟ್‌ಶರ್ಟ್ ಕೊಟ್ಟರು. ಮೂರನೆಯ ಗುಂಪಿಗೆ ಅದೇ ಒಂದು ಗಂಟೆ ‘ನೀವು ಯಾವಾಗ ಚೆನ್ನಾಗಿ ಕೆಲಸ ಮಾಡುತ್ತೀರಿ, ನಿಮ್ಮ ವಿಶೇಷ ಏನು’ ಎಂದು ಯೋಚಿಸಿ ಹೇಳಲು ಬಿಟ್ಟು, ಅವರವರ ಹೆಸರಿದ್ದ ಸ್ವೆಟ್‌ಶರ್ಟ್ ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಮೂರನೆಯ ಗುಂಪಿನವರು ಕೆಲಸ ಬಿಟ್ಟದ್ದು ಕಡಿಮೆ, ಗ್ರಾಹಕರ ಮೆಚ್ಚುಗೆಯಲ್ಲೂ ಅವರು ಮುಂದಿದ್ದರು. ಲೇಖಕರಲ್ಲಿ ಜಿನೊ ಅವರ ಬೇರೆ ಕೆಲವು ಪ್ರಬಂಧಗಳ ದತ್ತಾಂಶದ ಮೇಲೆ ಆಮೇಲೆ ಗಂಭೀರ ಆರೋಪಗಳು ಬಂದವು. ಅವುಗಳಲ್ಲಿ ಇದು ಸೇರಿಲ್ಲವಾದರೂ ಒಂದೇ ಪ್ರಯೋಗವನ್ನು ವೇದವಾಕ್ಯ ಮಾಡಿಕೊಳ್ಳಬೇಕಾಗಿಲ್ಲ. ಆದರೂ ಅದನ್ನು ಓದಿದ ಲೀಡ್ ತಮ್ಮ ಹದಿನೈದು ನಿಮಿಷದಲ್ಲಿ ಐದು ನಿಮಿಷವನ್ನಾದರೂ ಹೊಸಬರಿಗೆ ಬಿಟ್ಟುಕೊಡುತ್ತಾರೆ.

ಹೊತ್ತಿನ ವಿಷಯ ಇನ್ನೊಂದು. ರಾತ್ರಿ ಹನ್ನೊಂದಕ್ಕೆ ಲೀಡ್‌ನ ಮೆಸೇಜ್ ಬಂದರೆ ಹೊಸ ಹುಡುಗ ಹಾಸಿಗೆಯಿಂದ ಎದ್ದು ಲ್ಯಾಪ್‌ಟಾಪ್ ತೆರೆಯುತ್ತಾನೆ. “ಅಮೆರಿಕದ ತಂಡದ ಜೊತೆ ನನಗೆ ರಾತ್ರಿ ಕಾಲ್ ಇರುತ್ತೆ. ಆಗ ನಾನು ಏನಾದರೂ ಕಳಿಸಿದರೆ ಬೆಳಿಗ್ಗೆ ನೋಡಿದರೆ ಸಾಕು. ಅರ್ಜೆಂಟ್ ಇದ್ದರೆ ಫೋನ್ ಮಾಡ್ತೀನಿ” ಎಂದು ಸ್ಪಷ್ಟವಾಗಿ ಹೇಳಿದರೆ ಅವನಿಗೆ ನಿದ್ದೆ ಬರುತ್ತದೆ. ಹೀಗೆ ಹೇಳಿಯೂ ಬೆಳಿಗ್ಗೆ ‘ರಾತ್ರಿ ರಿಪ್ಲೈ ಬರಲಿಲ್ಲವಲ್ಲ’ ಎಂದು ಕೇಳುವ ಲೀಡ್‌ಗಳಿದ್ದಾರೆ. ಅವರು ಹೇಳದೇ ಇದ್ದರೇ ಒಳ್ಳೆಯದಿತ್ತು.

ಮೇಡಂ, ಸರ್ ಬೇಡ, ಹೆಸರು ಹಿಡಿದು ಕರೆಯಿರಿ ಎನ್ನುವುದು ಈ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಹಾಸನದಿಂದಲೋ ದಾವಣಗೆರೆಯಿಂದಲೋ ಬಂದ ಹುಡುಗನ ಬಾಯಲ್ಲಿ ತನಗಿಂತ ಹದಿನೈದು ವರ್ಷ ದೊಡ್ಡವರ ಬರಿ ಹೆಸರು ಹೊರಡುವುದಿಲ್ಲ. ಅದಕ್ಕೆ ಒತ್ತಾಯ ಮಾಡುವುದರಲ್ಲಿ ಅರ್ಥವಿಲ್ಲ. ಮೇಡಂ ಅನ್ನುತ್ತಲೇ ‘ಮೇಡಂ, ಇದು ತಪ್ಪು ಅನ್ನಿಸುತ್ತೆ’ ಅಂದರೆ ಸಾಕು. ಇದಕ್ಕಿಂತ ಊಟದ ಮೇಜಿನ ಭಾಷೆ ಮುಖ್ಯ. ಐವರಲ್ಲಿ ಒಬ್ಬರಿಗೆ ಬರದ ಭಾಷೆಯಲ್ಲಿ, ಅದು ಹಿಂದಿಯಾಗಲಿ ಕನ್ನಡವಾಗಲಿ, ಕೆಲಸದ ತೀರ್ಮಾನ ಆಗಬಾರದು. ಹರಟೆಗೆ ಯಾವ ಭಾಷೆಯೂ ಸರಿ.

ಎಚ್‌ಆರ್‌ನ ಇಮೇಲಿಗೆ ಬಿಟ್ಟುಬಿಡುವ ಒಂದು ವಿಷಯವನ್ನೂ ಲೀಡ್ ಬಾಯಿಬಿಟ್ಟು ಹೇಳಬೇಕು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರು ಯಾರು, ಅವರ ಹೆಸರುಗಳು ಎಲ್ಲಿ ಸಿಗುತ್ತವೆ, ದೂರು ಲೀಡ್ ಮೇಲೆಯೇ ಇದ್ದರೂ ನೇರವಾಗಿ ಅಲ್ಲಿಗೆ ಹೋಗಬಹುದು, ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಬಹುದು.

ಶುಕ್ರವಾರ ಸಂಜೆ ಲೀಡ್ ಒಬ್ಬೊಬ್ಬರನ್ನೇ ಹತ್ತು ನಿಮಿಷ ಕೂರಿಸಿಕೊಳ್ಳುತ್ತಾರೆ. ‘ಹೇಗಿತ್ತು ವಾರ’ ಎಂದು ಕೇಳಿದರೆ ಬರುವ ಉತ್ತರ ಒಂದೇ, ‘ಚೆನ್ನಾಗಿತ್ತು’. ಅದಕ್ಕೇ ಬೇರೆ ಥರ ಕೇಳುತ್ತಾರೆ: ಸೆಟಪ್ ಡಾಕ್ಯುಮೆಂಟಿನಲ್ಲಿ ಎಲ್ಲಿ ತಪ್ಪಿತ್ತು? ಯಾವ ಮೀಟಿಂಗಿನಲ್ಲಿ ಏನೂ ತಿಳಿಯಲಿಲ್ಲ? ಯಾರನ್ನು ಕೇಳಲು ಹಿಂಜರಿಕೆಯಾಯಿತು? ಅಷ್ಟರಲ್ಲಿ ಗುಂಪಿನಲ್ಲಿ ಒಂದೂ ಪ್ರಶ್ನೆ ಹಾಕದವರು ಯಾರೆಂದು ಅವರು ನೋಡಿಟ್ಟುಕೊಂಡಿರುತ್ತಾರೆ. ಮೊದಲ ವಾರ ಎಲ್ಲವೂ ಅರ್ಥವಾಗುವ ತಂಡ ಯಾವುದೂ ಇಲ್ಲ. ಹಾಗಾಗಿ ಮೌನವಾಗಿದ್ದವರ ಜೊತೆ ಹತ್ತು ನಿಮಿಷ ಸಾಲದು, ಸೋಮವಾರ ಒಂದು ಗಂಟೆ ಪಕ್ಕದಲ್ಲಿ ಕೂತು ಒಟ್ಟಿಗೆ ಕೋಡ್ ಓದಬೇಕು. ಪೋರ್ಟ್ ನಂಬರ್ ಕೇಳಿದ ಹುಡುಗನಿಗೆ ಮಾತ್ರ ಆ ವಾರವೇ ಒಂದು ಕೆಲಸ ಸಿಕ್ಕಿರುತ್ತದೆ: ಡಾಕ್ಯುಮೆಂಟಿನಲ್ಲಿದ್ದ ಹಳೆಯ ನಂಬರನ್ನು ತಿದ್ದಿ, ಹಳಬರೊಬ್ಬರಿಂದ ರಿವ್ಯೂ ಮಾಡಿಸಿ, ತನ್ನ ಹೆಸರಿನಲ್ಲಿ ಸೇರಿಸುವುದು.