ಅನುಪಾತ ಚೆನ್ನಾಗಿದೆ, ಕೈಯಲ್ಲಿ ಕಾಸಿಲ್ಲ

ಚಾಲ್ತಿ ಅನುಪಾತವೆಂದರೆ ವರ್ಷದೊಳಗೆ ನಗದಾಗಬೇಕಾದ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಹೊಣೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಂಪನಿಯೊಂದನ್ನು ಊಹಿಸಿಕೊಳ್ಳಬಹುದು. ಅದರ ಬಳಿ ನಗದು 3 ಲಕ್ಷ, ದಾಸ್ತಾನು 17 ಲಕ್ಷ, ಗಿರಾಕಿಗಳಿಂದ ಬರಬೇಕಾದ ಬಾಕಿ 40 ಲಕ್ಷ, ಒಟ್ಟು 60 ಲಕ್ಷ ರೂಪಾಯಿ ಇದೆ. ಚಾಲ್ತಿ ಹೊಣೆ 40 ಲಕ್ಷ. ಅನುಪಾತ 1.5, ಮೇಲ್ನೋಟಕ್ಕೆ ಚಿಂತೆಯಿಲ್ಲ.

ಆದರೆ ಆ ಬಾಕಿ ಯಾವಾಗ ಕೈಸೇರುತ್ತದೆ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಬಾಕಿ ವಸೂಲಿಯ ದಿನಗಳನ್ನು ಲೆಕ್ಕ ಹಾಕಬೇಕು: ಬಾಕಿಯನ್ನು ವರ್ಷದ ಉದ್ರಿ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸುವುದು. ಉದ್ರಿ ಮಾರಾಟ 146 ಲಕ್ಷವಾದರೆ 100 ದಿನ ಬರುತ್ತದೆ. ಗಿರಾಕಿಗಳಿಗೆ ಕೊಟ್ಟ ಗಡುವು 45 ದಿನವಾಗಿದ್ದರೆ ಬಾಕಿ ಸುಮಾರು 18 ಲಕ್ಷದಷ್ಟೇ ಇರಬೇಕಿತ್ತು. ಉಳಿದ 22 ಲಕ್ಷ ತಡವಾದ ಹಣ.

ಮುಂದಿನ ಹೆಜ್ಜೆ, ಬಿಲ್ಲುಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವುದು. ಆರು ತಿಂಗಳು ದಾಟಿದ 15 ಲಕ್ಷ ವಸೂಲಾಗುವಂತಿಲ್ಲ ಎಂದಾದರೆ ಆಸ್ತಿ 45 ಲಕ್ಷಕ್ಕೂ ಅನುಪಾತ ಸುಮಾರು 1.1ಕ್ಕೂ ಇಳಿಯುತ್ತದೆ. ಅದರಲ್ಲೂ 17 ಲಕ್ಷ ದಾಸ್ತಾನು, ಇನ್ನೂ ಮಾರಾಟವಾಗಬೇಕಾದದ್ದು.

ಮಾರ್ಚ್ 31ರ ಲೆಕ್ಕವೊಂದನ್ನೇ ನಂಬುವಂತಿಲ್ಲ. ವರ್ಷದ ಕೊನೆಯಲ್ಲಿ ಮಾರಾಟ ಜೋರಾಗಿದ್ದರೆ ಗಡುವು ಮೀರದ ಬಾಕಿಯೂ ದಿನಗಳನ್ನು ಹಿಗ್ಗಿಸುತ್ತದೆ. ಆದ್ದರಿಂದ ತಿಂಗಳವಾರು ಅಂಕಿಗಳನ್ನು ಹೋಲಿಸಬೇಕು. ಅನುಪಾತ ಏರುತ್ತಾ ವಸೂಲಿಯ ದಿನಗಳೂ ಏರುತ್ತಿದ್ದರೆ, ಹೆಚ್ಚುತ್ತಿರುವುದು ನಗದಲ್ಲ, ಬಾರದ ಬಾಕಿ.