‘ಕನ್ನಡ ಬರತೈತೇನ್ರಿ?’: ಮೊದಲ ಪ್ರಶ್ನೆ ಮತ್ತು ಉತ್ತರದ ಭಾಷೆ

ಸಹಾಯ ಕೇಂದ್ರವೊಂದಕ್ಕೆ ಬರೆಯುವ ವ್ಯಕ್ತಿ ತನ್ನ ಅಹವಾಲನ್ನು ಹೇಳುವ ಮೊದಲು ‘ನಿಮಗೆ ಕನ್ನಡ ಬರುತ್ತದೆಯೇ?’ ಎಂದು ಕೇಳುವುದುಂಟು. ಈ ಪ್ರಶ್ನೆಗೆ ಸಲ್ಲುವ ಉತ್ತರ ಯಾವುದು, ಮತ್ತು ಅದು ಕನ್ನಡದಲ್ಲಿಯೇ ಏಕೆ ಇರಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ವಿವೇಚಿಸುತ್ತೇವೆ. ಇದಕ್ಕಾಗಿ ಬೆಳಗಾವಿ ಮತ್ತು ಧಾರವಾಡಗಳ ನಡುವೆ ಮಲಪ್ರಭೆಯ ದಂಡೆಯಲ್ಲಿರುವ ಎಂ.ಕೆ. ಹುಬ್ಬಳ್ಳಿಯ ಆಡುಮಾತನ್ನು ಅನುಸರಿಸಿ ಒಂದು ಮಾದರಿಯನ್ನು ರಚಿಸಿಕೊಂಡಿದ್ದೇವೆ. ಬೆಳೆವಿಮೆಯ ಹಣ ಬಾರದ ರೈತರೊಬ್ಬರು ‘ನಮಸ್ಕಾರ್ರಿ, ನಿಮಗ ಕನ್ನಡ ಬರತೈತೇನ್ರಿ?’ ಎಂದು ಬರೆದಿದ್ದಾರೆಂದು ಭಾವಿಸೋಣ.

ರೂಪದಲ್ಲಿ ಇದು ಸಾಮರ್ಥ್ಯವನ್ನು ಕುರಿತ ಪ್ರಶ್ನೆ. ಕಾರ್ಯದಲ್ಲಿ ಹಾಗಲ್ಲ. ಕೋರಿಕೆಗೆ ದಾರಿ ಮಾಡಿಕೊಳ್ಳುವ ಇಂತಹ ಮಾತನ್ನು ಸಂಭಾಷಣಾ ವಿಶ್ಲೇಷಣೆಯಲ್ಲಿ ಪೂರ್ವಾನುಕ್ರಮವೆಂದು ಗುರುತಿಸುತ್ತಾರೆ. ಅಂಗಡಿಯಲ್ಲಿ ‘ಬೆಲ್ಲ ಐತೇನ್ರಿ?’ ಎಂದವರು ಬೆಲ್ಲದ ಇರವನ್ನು ತಿಳಿದು ಹಿಂದಿರುಗಲು ಬಂದವರಲ್ಲ. ಅಂತೆಯೇ ನಮ್ಮ ರೈತರು ಕೇಳುತ್ತಿರುವುದು ‘ನಾನು ಕನ್ನಡದಲ್ಲಿ ಮುಂದುವರಿಯಲೇ?’ ಎಂದು. ಪ್ರಶ್ನೆ ಕನ್ನಡದಲ್ಲಿಯೇ ಇರುವುದರಿಂದ ಅದನ್ನು ಓದಿ ಅರಿಯುವುದೇ ಪರೀಕ್ಷೆಯ ಮೊದಲರ್ಧ. ಕನ್ನಡದಲ್ಲಿ ಉತ್ತರಿಸುವುದು ಉಳಿದರ್ಧ.

ಇಲ್ಲಿ ಕ್ರಿಯಾಪದದ ಆಯ್ಕೆಯನ್ನು ಗಮನಿಸಬೇಕು. ‘ನಿಮಗೆ ಕನ್ನಡ ತಿಳಿಯುತ್ತದೆಯೇ?’ ಎಂಬುದು ಗ್ರಹಿಕೆಯನ್ನಷ್ಟೇ ಕೇಳುತ್ತದೆ. ‘ಬರುತ್ತದೆಯೇ?’ ಎಂಬುದು ಗ್ರಹಿಕೆಯೊಡನೆ ಬಳಕೆಯನ್ನೂ ಕೇಳುತ್ತದೆ. ಎರಡರಲ್ಲಿಯೂ ಅರಿಯುವವನು ಚತುರ್ಥಿ ವಿಭಕ್ತಿಯಲ್ಲಿರುತ್ತಾನೆ. ಭಾಷೆ ಅವನಿಗೆ ‘ಬರುತ್ತದೆ’. ಆದ್ದರಿಂದ ಸಹಾಯಕರು ಇಂಗ್ಲಿಷಿನಲ್ಲಿ ‘ಯೆಸ್’ ಎಂದು ಬರೆದರೆ ಉತ್ತರದ ಅರ್ಥವೂ ಉತ್ತರದ ರೂಪವೂ ಪರಸ್ಪರ ವಿರುದ್ಧವಾಗುತ್ತವೆ. ಬರುತ್ತದೆ ಎಂದು ಹೇಳಿದವರು ಬಳಸಿ ತೋರಿಸಲಿಲ್ಲ. ಓದುಗರಿಗೆ ಉಳಿಯುವ ಅನುಮಾನವೆಂದರೆ, ನಾನು ಬರೆದದ್ದು ಇವರಿಗೆ ತಿಳಿದೀತು, ಇವರು ಬರೆಯುವುದು ನನಗೆ ತಿಳಿದೀತೇ?

ಕನ್ನಡದಲ್ಲಿ ‘ಹೌದು’ ಎಂದಷ್ಟೇ ಬರೆದರೆ ಸಾಕೇ? ಸಾಲದು. ‘ಇವರು ನಿಮ್ಮ ಅಣ್ಣನೇ?’ ಎಂಬ ನಾಮಪ್ರಧಾನ ಪ್ರಶ್ನೆಗೆ ‘ಹೌದು’ ಸಹಜ. ಕ್ರಿಯಾಪ್ರಧಾನ ಪ್ರಶ್ನೆಗೆ ಕನ್ನಡಿಗರು ಹೆಚ್ಚಾಗಿ ಆ ಕ್ರಿಯೆಯನ್ನೇ ಮರಳಿ ನುಡಿಯುತ್ತಾರೆ: ‘ಇದೆಯೇ?’ ಎಂದರೆ ‘ಇದೆ’, ‘ಬರುತ್ತದೆಯೇ?’ ಎಂದರೆ ‘ಬರುತ್ತದೆ’. ಇಂದು ‘ಹೌದು’ ಎಲ್ಲೆಡೆ ಹಬ್ಬಿದೆಯಾದರೂ, ಒಂಟಿ ‘ಹೌದು’ ಸರದಿಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಕೇಳಿದವರು ಮತ್ತೆ ತಾವೇ ಬಾಗಿಲು ತಟ್ಟಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ‘ಬರ್ತೈತ್ರಿ. ಹೇಳ್ರಿ, ಏನಾಗೇತಿ?’ ಎಂಬ ಉತ್ತರ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಮರುನುಡಿದ ಕ್ರಿಯಾಪದ ಪ್ರಶ್ನೆಗೆ ಉತ್ತರವಾಗುತ್ತದೆ. ‘ರಿ’ ಗೌರವವನ್ನು ಹಿಂದಿರುಗಿಸುತ್ತದೆ. ‘ಹೇಳ್ರಿ’ ಎಂಬುದು ಅಹವಾಲಿಗೆ ಎಡೆಮಾಡಿಕೊಡುತ್ತದೆ. ಮುಂದಿನ ಸಂದೇಶ ‘ವಿಮಾ ರೊಕ್ಕ ಇನ್ನೂ ಜಮಾ ಆಗಿಲ್ರಿ’ ಎಂದು ನೇರವಾಗಿ ಬರುತ್ತದೆ.

ಸಹಾಯಕರು ಮೈಸೂರಿನವರಾಗಿದ್ದರೆ? ಅವರು ‘ಐತಿ’ಯನ್ನು ಅನುಕರಿಸಬೇಕಾಗಿಲ್ಲ, ಎರವಲು ಉಪಭಾಷೆ ಅಣಕದಂತೆ ಕೇಳಿಸುವ ಅಪಾಯವಿದೆ. ‘ಬರುತ್ತದೆ, ಹೇಳಿ, ಏನಾಯಿತು?’ ಎಂದರೆ ಸಾಕು. ಆದರೆ ‘ತಮ್ಮ ಮನವಿಯನ್ನು ದಯಮಾಡಿ ನಮೂದಿಸತಕ್ಕದ್ದು’ ಎಂಬ ಕಚೇರಿಗನ್ನಡ ಬೇರೆಯೇ ದೂರವನ್ನು ತರುತ್ತದೆ: ಭಾಷೆ ಒಂದೇ ಆದರೂ ಎದುರಿಗೆ ಮನುಷ್ಯರಿದ್ದಾರೆಂಬ ಭರವಸೆ ಮೂಡುವುದಿಲ್ಲ. ಆಡದೆ ಹೋದರೂ ಉಪಭಾಷೆಯನ್ನು ಅರಿತಿರುವುದು ಮಾತ್ರ ಅಗತ್ಯ. ‘ನಿನ್ನೆ ಫೋನ್ ಹಚ್ಚಿದ್ದೆರಿ’ ಎಂದರೆ ಕರೆ ಮಾಡಿದ್ದೆನೆಂದು ಅರ್ಥ. ದಕ್ಷಿಣದ ‘ಹಚ್ಚು’ ಅಲ್ಲಿಗೆ ಒಯ್ಯುವುದಿಲ್ಲ.

ಉತ್ತರ ಕೆಲಸ ಮಾಡಿತೇ ಎಂಬುದನ್ನು ಮುಂದಿನ ಸರದಿಯೇ ತಿಳಿಸುತ್ತದೆ. ಅಹವಾಲು ಬಂದರೆ ದಾರಿ ತೆರೆದಿದೆ. ಬರೆದವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಅಥವಾ ತಮಗೊಗ್ಗದ ಇಂಗ್ಲಿಷಿಗೆ ಹೊರಳಿದರೆ, ಮೊದಲ ಉತ್ತರ ಸೋತಿದೆ. ಆ ಹೊರಳುವಿಕೆಯಲ್ಲಿ ವಿವರಗಳು ನಷ್ಟವಾಗುತ್ತವೆ: ಸರ್ವೆ ನಂಬರು, ಬೆಳೆಯ ಹೆಸರು, ಕಂತು ಕಟ್ಟಿದ ದಿನ. ತಮ್ಮ ಮಾತಿನಲ್ಲಿ ಮೂರು ವಾಕ್ಯ ಬರೆಯುತ್ತಿದ್ದವರು ಎರಡು ಪದಗಳಿಗೆ ಇಳಿಯುತ್ತಾರೆ.

ಒಂದು ಮಿತಿಯನ್ನು ಹೇಳದಿದ್ದರೆ ಈ ವಿವರಣೆ ಅಪೂರ್ಣ. ಕನ್ನಡದ ಉತ್ತರ ಕನ್ನಡದಲ್ಲಿ ಮುಂದುವರಿಯುವ ವಾಗ್ದಾನವೂ ಹೌದು. ಮೊದಲ ಸಾಲನ್ನು ಕನ್ನಡದಲ್ಲಿ ಬರೆದು, ಅಹವಾಲು ಬಂದ ಬಳಿಕ ಇಂಗ್ಲಿಷಿಗೆ ತಿರುಗಿದರೆ, ಆರಂಭದಲ್ಲಿಯೇ ಇಂಗ್ಲಿಷಿನಲ್ಲಿ ಉತ್ತರಿಸಿದ್ದಕ್ಕಿಂತ ಹೆಚ್ಚಿನ ತೊಡಕಾಗುತ್ತದೆ. ಬರೆದವರು ಆಗಲೇ ತಮ್ಮ ವಿಷಯವನ್ನು ಒಪ್ಪಿಸಿಬಿಟ್ಟಿರುತ್ತಾರೆ. ಕನ್ನಡ ಅಷ್ಟಾಗಿ ಬಾರದವರು ‘ಓದಲು ಬರುತ್ತದೆ, ಬರೆಯುವುದು ನಿಧಾನ. ನೀವು ಕನ್ನಡದಲ್ಲಿಯೇ ಬರೆಯಿರಿ’ ಎಂದರೆ ಅದು ಪ್ರಾಮಾಣಿಕ ಉತ್ತರ. ‘ತಿಳಿಯುತ್ತದೆ’ ಮತ್ತು ‘ಬರುತ್ತದೆ’ ಎಂಬ ಕ್ರಿಯೆಗಳ ನಡುವೆ ಕನ್ನಡ ಕಾಯ್ದುಕೊಂಡಿರುವ ಅಂತರ ಅಲ್ಲಿ ನೆರವಿಗೆ ಬರುತ್ತದೆ.