ಕಾಲು ಹಾಕುವ ಹೊತ್ತು

ಮಳೆಗಾಲ ಬಂತೆಂದರೆ ಮುಂಬಯಿಯ ಮೈದಾನಗಳಲ್ಲಿ ಕ್ರಿಕೆಟ್ ಸ್ಟಂಪುಗಳು ಹೋಗಿ ಫುಟ್‌ಬಾಲ್ ಗೋಲುಕಂಬಗಳು ಬರುವುದು ಇಲ್ಲೇ ಹುಟ್ಟಿ ಬೆಳೆದ ನಿಮಗೆ ಗೊತ್ತಿದ್ದದ್ದೇ. ಅಂಥ ಒಂದು ಕೆಸರು ಮೈದಾನದ ಕಥೆ ಹೇಳುತ್ತೇನೆ, ಕೇಳಿ. ಇದು ಬರೀ ಕಥೆ. ಹುಡುಗಿ ಯಾರ ಮಗಳು, ಯಾವ ಬಿಲ್ಡಿಂಗಿನವಳು ಎಂದು ಹುಡುಕಲು ಹೋಗಬೇಡಿ.

ಅವಳಿಗೆ 16 ವರ್ಷ. ಅಪ್ಪ ಕುಂದಾಪುರದ ಕಡೆಯವರು, ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ವಾರಕ್ಕೆರಡು ಸಂಜೆ ಅವಳು 'ಟ್ಯೂಶನ್' ಎಂದು ಹೊರಡುತ್ತಿದ್ದಳು. ಬೂಟು ಗೆಳತಿಯ ಮನೆಯಲ್ಲಿ. ಒದ್ದೆ ಬೂಟಿನೊಳಗೆ ಹಳೆಯ ಪೇಪರು ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಹೀರಿಕೊಳ್ಳುತ್ತದೆ. ಆ ಉಪಾಯವನ್ನೂ ಗೆಳತಿಯೇ ಕಲಿಸಿದ್ದು. ಮೊಣಕಾಲ ಕೆಳಗಿನ ನೀಲಿ ಗಾಯಕ್ಕೆ ಲೋಕಲ್ ಟ್ರೇನಿನ ನೂಕುನುಗ್ಗಲು ಕಾರಣವಾಗುತ್ತಿತ್ತು. ಅಮ್ಮನಿಗೆ ಎಷ್ಟು ಗೊತ್ತಿತ್ತೋ! ಏನೂ ಕೇಳದೆ ಬಿಸಿನೀರು ಕಾಯಿಸಿಡುತ್ತಿದ್ದಳು.

ಗುಟ್ಟು ಹೊರಬಿದ್ದದ್ದು ಹೋಟೆಲಿನಲ್ಲೇ. ಬಿಲ್ಲು ಕೊಡಲು ಬಂದ ಗಿರಾಕಿಯೊಬ್ಬ, "ನಿಮ್ಮ ಮಗಳು ಭಾರೀ ಆಡ್ತಾಳೆ ಮಾರಾಯ್ರೆ, ಭಾನುವಾರ ಮ್ಯಾಚ್ ಉಂಟಲ್ಲ?" ಎಂದ. ಅಪ್ಪ ಚಿಲ್ಲರೆ ಎಣಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಮನೆಯಲ್ಲಿ ಅವರು ಕೂಗಾಡಲಿಲ್ಲ. "ಹೆಣ್ಣುಮಕ್ಕಳಿಗೆ ಎಂಥ ಫುಟ್‌ಬಾಲು? ಕಾಲು ಮುರಿದರೆ ಯಾರು ನೋಡುವವರು?" ಎಂದಷ್ಟೇ ಹೇಳಿದರು. ಹಾಗೆ ಕೇಳಿದವರಲ್ಲಿ ಅವರೇ ಮೊದಲಿಗರಲ್ಲ ಬಿಡಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೇ 1921ರಲ್ಲಿ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು, ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿ, ಸುಮಾರು 50 ವರ್ಷ ತೆರೆಯಲಿಲ್ಲ. ಇತ್ತ 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಪಂದ್ಯಾವಳಿಯಲ್ಲಿ ನಮ್ಮ ಹುಡುಗಿಯರು ಎರಡನೆಯ ಸ್ಥಾನ ಪಡೆದಿದ್ದರು. ಅಪ್ಪನಿಗೆ ಅದೆಲ್ಲ ಗೊತ್ತಿರಲಿಲ್ಲ.

ಭಾನುವಾರ ಅಪ್ಪ ಕೊಡೆ ಹಿಡಿದು ಮೈದಾನಕ್ಕೆ ಬಂದರು. ಮಗಳನ್ನು ಮನೆಗೆ ಕರೆದೊಯ್ಯುವುದೇ ಅವರ ಉದ್ದೇಶ. ಆದರೆ ಅಷ್ಟರಲ್ಲಿ ಸೀಟಿ ಊದಿಯಾಗಿತ್ತು. ಒಂದು ಕಡೆಗೆ ಏಳೇ ಜನರ ಆಟ. ಅವಳು ಗೋಲಿನ ಮುಂದೆ ಕಾಯುವ ಡಿಫೆಂಡರ್.

ನಿಮ್ಮಲ್ಲಿ ಆಡುವವರಿಗೆ ಈ ಕೆಲಸದ ಕಷ್ಟ ಗೊತ್ತು. ಚೆಂಡು ತರುವವಳ ಮೇಲೆ ಎರಗಬಾರದು. ಒಂದು ಮಾರು ದೂರದಲ್ಲಿ, ಮೈ ಸ್ವಲ್ಪ ಓರೆಯಾಗಿಸಿ, ಮೊಣಕಾಲು ಬಗ್ಗಿಸಿ, ಅವಳ ಕಾಲಾಟಕ್ಕೆ ಮರುಳಾಗದೆ ಚೆಂಡನ್ನೇ ನೋಡುತ್ತ ಹಿಂದೆ ಸರಿಯಬೇಕು. ಹಾಗೆ ಸರಿಯುತ್ತಲೇ ಅವಳನ್ನು ಗೋಲಿನಿಂದ ಅಂಚಿನ ಗೆರೆಯ ಕಡೆಗೆ ತಳ್ಳಬೇಕು. ಬೇಗ ಕಾಲು ಹಾಕಿದರೆ ಅವಳು ಚೆಂಡನ್ನು ಪಕ್ಕಕ್ಕೆ ಜಾರಿಸಿ ಓಡುತ್ತಾಳೆ. ತೀರ ಹಿಂದೆ ಸರಿದರೆ ಗೋಲಿಗೇ ಹೊಡೆಯುತ್ತಾಳೆ. ಚೆಂಡು ಅವಳ ಕಾಲಿನಿಂದ ಒಂದು ಹೆಜ್ಜೆ ಹೆಚ್ಚು ದೂರ ಹೋಗುವ ಕ್ಷಣ ಒಂದಿರುತ್ತದೆ. ಕಾಲು ಹಾಕಬೇಕಾದದ್ದು ಆಗ.

ಮೊದಲರ್ಧದಲ್ಲಿ ನಮ್ಮ ಹುಡುಗಿ ಅವಸರಪಟ್ಟಳು. ಅಪ್ಪನ ಕೊಡೆ ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ. ಎದುರಾಳಿಯ ಎತ್ತರದ ಹುಡುಗಿ ಬರುತ್ತಿದ್ದಂತೆ ಜಾರಿ ಕಾಲು ಚಾಚಿದಳು. ಆಕೆ ಚೆಂಡನ್ನು ಬದಿಗೆ ಸರಿಸಿ ನಡೆದೇಬಿಟ್ಟಳು. ಗೋಲು! ನಮ್ಮವಳು ಕೆಸರಿನಲ್ಲಿ ಕೂತೇ ಇದ್ದಳು. ಅಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತರು.

ಊರಲ್ಲಿದ್ದಾಗ ಅಪ್ಪ ಕಬಡ್ಡಿ ಆಡಿದವರು. ಮೂಲೆಯಲ್ಲಿ ನಿಂತು, ರೈಡ್‌ಗೆ ಬಂದವನ ಪಾದ ಹಿಡಿಯುವುದು ಅವರ ಕೆಲಸ. ಅಲ್ಲಿಯೂ ಇದೇ ಲೆಕ್ಕ: ಬಂದವನು ಆಸೆ ತೋರಿಸಲು ಕಾಲು ಮುಂದಿಡುತ್ತಾನೆ, ಅದಕ್ಕೆ ಹಾರಿದರೆ ಕೆಟ್ಟಿರಿ. ಅವನ ಭಾರ ಪೂರ್ತಿ ಆ ಕಾಲಿನ ಮೇಲೆ ಬೀಳುವ ತನಕ ತಡೆದಿರಬೇಕು.

ಎರಡನೆಯ ಅರ್ಧದಲ್ಲಿ ನಮ್ಮವರು ಒಂದು ಗೋಲು ಹೊಡೆದು ಸಮ ಮಾಡಿದರು. ಕೊನೆಯ ನಿಮಿಷದಲ್ಲಿ ಅದೇ ಎತ್ತರದ ಹುಡುಗಿ ಒಬ್ಬಳೇ ಚೆಂಡು ತಂದಳು. ನಮ್ಮವಳು ಹಿಂದೆ ಸರಿದಳು. ಆಕೆ ಎಡಕ್ಕೆ ಆಡಿದಳು, ಬಲಕ್ಕೆ ಆಡಿದಳು. ಇವಳು ಕಾಲು ಹಾಕಲಿಲ್ಲ. "ಹಿಡಿ, ಹಿಡಿ!" ಎಂದು ಸುತ್ತಲಿನವರ ಬೊಬ್ಬೆ. "ತಡಿ ಮಗಾ, ತಡಿ!" ಎಂದು ಕೊಡೆಯ ಕೆಳಗಿನಿಂದ ಒಂದು ಕನ್ನಡದ ಕೂಗು. ಚೆಂಡು ನೀರಿನ ಗುಂಡಿಯಲ್ಲಿ ಸಿಕ್ಕಿ ಗಕ್ಕನೆ ನಿಂತಿತು. ಆಕೆ ಅದನ್ನು ದಾಟಿ ಹೋದಳು. ನಮ್ಮವಳು ಕಾಲು ಹಾಕಿ ಚೆಂಡನ್ನು ಮೈದಾನದ ಆಚೆಗೆ ಅಟ್ಟಿದಳು.

ಪಂದ್ಯ ಸಮವಾಗಿಯೇ ಮುಗಿಯಿತು. ಸ್ಟೇಷನ್ನಿನವರೆಗೆ ಇಬ್ಬರೂ ಮಾತಾಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಕೊಡೆ ಮಡಚಿ ಕೇಳಿದರು:

"ಮೊದಲನೆಯದಕ್ಕೆ ಅಷ್ಟು ಬೇಗ ಯಾಕೆ ಕಾಲು ಹಾಕಿದ್ದು?"

"ನೀವು ಬಂದದ್ದು ನೋಡಿದೆ ಅಪ್ಪಾ."

"ಇನ್ನು ನನ್ನನ್ನು ನೋಡಬೇಡ, ಚೆಂಡು ನೋಡು," ಎಂದರು ಅಪ್ಪ. ಟ್ರೇನು ಬಂತು. ಹತ್ತುವ ಮೊದಲು ಅವಳ ಕೈಯಿಂದ ಕೆಸರು ಬೂಟುಗಳ ಚೀಲವನ್ನು ತಾವೇ ತೆಗೆದುಕೊಂಡರು.